‘ಆಗುವುದಿಲ್ಲ’ ಎಂದ ಮೇಲೆ ಉಳಿಯುವ ಕೆಲಸ

(ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆಗಳ ಕಚೇರಿ ಸಿಬ್ಬಂದಿಯ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

“ಮಂಗಳವಾರ ಆಗುವುದಿಲ್ಲ. ಬೇರೆ ದಿನ ನೋಡಿ.”

ಇವತ್ತಿನ ನನ್ನ ಮಾತೆಲ್ಲ ಈ ಐದು ಪದಗಳ ಸುತ್ತಲೇ ಇರುತ್ತದೆ. ಸಭೆಗೆ ಕರೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ನಾವು ಹೀಗೆ ಉತ್ತರಿಸುತ್ತೇವೆ. ಬರೆದವರ ಮನಸ್ಸಿನಲ್ಲಿ ಯಾವ ಸಿಟ್ಟೂ ಇರುವುದಿಲ್ಲ. ಕೈಯಲ್ಲಿ ಕೆಲಸ ಇರುತ್ತದೆ, ಒಂದು ಕೈಯಿಂದ ಟೈಪ್ ಮಾಡಿ ಫೋನನ್ನು ಜೇಬಿಗೆ ಹಾಕುತ್ತಾರೆ. ಓದಿದವರಿಗೆ ಮಾತ್ರ ಬಾಗಿಲು ಮುಚ್ಚಿದ ಹಾಗೆ ಅನಿಸುತ್ತದೆ. ಹೀಗೇಕೆ ಆಗುತ್ತದೆ, ಅದೇ ಉತ್ತರವನ್ನು ಹೇಗೆ ತಿದ್ದಿ ಬರೆಯಬಹುದು ಎಂಬುದನ್ನು ಒಂದೇ ಪ್ರಸಂಗ ಹಿಡಿದು ನೋಡೋಣ.

ಪ್ರಸಂಗ ಕಲ್ಪಿತ, ಆದರೆ ಊರುಗಳೂ ಕೆಲಸವೂ ನಮ್ಮವೇ. ಒಂದು ಬಿತ್ತನೆ ಬೀಜದ ಕಂಪನಿ. ಮಾರಾಟ ವಿಭಾಗ ಹುಬ್ಬಳ್ಳಿಯಲ್ಲಿದೆ, ಬೀಜೋತ್ಪಾದನೆ ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ನಡೆಯುತ್ತದೆ. ಮುಂದಿನ ಹಂಗಾಮಿನ ಪೊಟ್ಟಣಗಳ ಲೇಬಲ್ ಬಗ್ಗೆ ತೀರ್ಮಾನಿಸಲು ಮಾರಾಟ ವ್ಯವಸ್ಥಾಪಕರು ಆರು ಜನರನ್ನು ಮಂಗಳವಾರ ಬೆಳಿಗ್ಗೆ 11ಕ್ಕೆ ಹುಬ್ಬಳ್ಳಿಗೆ ಕರೆದಿದ್ದಾರೆ. ರಾಣೆಬೆನ್ನೂರಿನ ಉತ್ಪಾದನಾ ಅಧಿಕಾರಿ ಒಬ್ಬ ಮಹಿಳೆ. ಅವರ ಹೊಲಗಳಲ್ಲಿ ಹತ್ತಿ ಹೂ ಬಿಡುತ್ತಿದೆ. ಹೈಬ್ರಿಡ್ ಹತ್ತಿ ಬೀಜ ಮಾಡುವವರಿಗೆ ಈ ವಾರಗಳ ಅರ್ಥ ಗೊತ್ತು. ನಾಳೆ ಅರಳುವ ಮೊಗ್ಗಿನ ಕೇಸರಗಳನ್ನು ಇಂದು ಮಧ್ಯಾಹ್ನದ ನಂತರ ಕೈಯಿಂದಲೇ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಪರಾಗ ಮುಟ್ಟಿಸಬೇಕು. ಎಲ್ಲರೂ ಅದನ್ನು ಕ್ರಾಸಿಂಗ್ ಎನ್ನುತ್ತಾರೆ. ಬೆಳಗಿನ ಆ ಕೆಲವು ಗಂಟೆ ತಪ್ಪಿದರೆ ಹಿಂದಿನ ಸಂಜೆಯ ಕೂಲಿಯೆಲ್ಲ ವ್ಯರ್ಥ. ಆ ಹೊತ್ತಿನಲ್ಲಿ ಹೊಲದ ಬದುವಿನಲ್ಲಿ ನಿಂತು ಅವರು ಗುಂಪಿನಲ್ಲಿ ಬರೆದದ್ದು ಇಷ್ಟೇ: “ಮಂಗಳವಾರ ಆಗುವುದಿಲ್ಲ. ಬೇರೆ ದಿನ ನೋಡಿ.”

ಈಗ ಹುಬ್ಬಳ್ಳಿಯ ವ್ಯವಸ್ಥಾಪಕರ ಕುರ್ಚಿಯಲ್ಲಿ ಕುಳಿತು ಇದನ್ನು ಓದಿ. ಇವರಿಗೆ ಮಂಗಳವಾರ ಇಡೀ ದಿನ ಆಗುವುದಿಲ್ಲವೇ, 11 ಗಂಟೆಗೆ ಮಾತ್ರವೇ? ಬೇರೆ ದಿನ ಎಂದರೆ ಯಾವುದು? ಇವರನ್ನು ಬಿಟ್ಟು ಸಭೆ ನಡೆಸಿದರೆ ತಪ್ಪಾಗುತ್ತದೆಯೇ? ಲೇಬಲ್ ವಿಷಯವೇ ಇವರಿಗೆ ಬೇಡವಾಗಿದೆಯೇ? ಉಳಿದ ಐವರು ಒಪ್ಪಿಗೆ ಕೊಟ್ಟಾಗಿದೆ, ಗದಗಿನಿಂದ ಬರುವವರೊಬ್ಬರು ಬೇರೆ ಕೆಲಸವನ್ನೂ ಅದೇ ದಿನಕ್ಕೆ ಹೊಂದಿಸಿಕೊಂಡಿದ್ದಾರೆ. ಒಂದು ಸಾಲು ಓದಿದ ಮೇಲೆ ಅವರ ಮುಂದೆ ಇಷ್ಟು ಪ್ರಶ್ನೆಗಳು ನಿಂತಿವೆ, ಒಂದಕ್ಕೂ ಉತ್ತರ ಅವರ ಕೈಯಲ್ಲಿಲ್ಲ. ‘ನೋಡಿ’ ಎಂದು ಅವರಿಗೇ ಹೇಳಲಾಗಿದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇಂಥ ಉತ್ತರ ನೋಯಿಸುವುದು ನಿರಾಕರಣೆಯಿಂದ ಅಲ್ಲ. ಬರಲಾಗದವರ ಭಾರವನ್ನೆಲ್ಲ ಕರೆದವರ ತಲೆಗೆ ಹೊರಿಸುತ್ತದೆ, ಅದಕ್ಕೇ ನೋವು. ಹಾಗಾಗಿ ಅದನ್ನು ಸಿಹಿ ಮಾತುಗಳಿಂದ ತಿದ್ದಲು ಆಗುವುದಿಲ್ಲ. ಆದರೆ ಮೊದಲ ಬಾರಿ ತಿದ್ದುವವರು ಬಹುತೇಕ ಅದನ್ನೇ ಮಾಡುತ್ತಾರೆ. ನೋಡಿ:

“ನಮಸ್ಕಾರ ಸರ್. ಆಹ್ವಾನಕ್ಕೆ ತುಂಬಾ ಧನ್ಯವಾದಗಳು. ದಯವಿಟ್ಟು ಕ್ಷಮಿಸಿ, ಮಂಗಳವಾರ ನನಗೆ ಬರಲು ಸಾಧ್ಯವಾಗುವುದಿಲ್ಲ. ಅನಾನುಕೂಲಕ್ಕಾಗಿ ವಿಷಾದಿಸುತ್ತೇನೆ. ದಯಮಾಡಿ ಬೇರೆ ದಿನ ನಿಗದಿಪಡಿಸಬೇಕಾಗಿ ವಿನಂತಿ.”

ಐದು ಪದ ಇದ್ದದ್ದು ಇಷ್ಟುದ್ದ ಆಯಿತು. ವ್ಯವಸ್ಥಾಪಕರ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಸಿಕ್ಕಿತೇ? ಇಲ್ಲ. ಮೊದಲಿನ ಉತ್ತರ ಒರಟಾಗಿ ಭಾರ ಹೊರಿಸುತ್ತಿತ್ತು, ಇದು ವಿನಯದಿಂದ ಹೊರಿಸುತ್ತಿದೆ. ಜೊತೆಗೆ ಇದು ಅರ್ಜಿಯ ಭಾಷೆ. ದಿನಾ ಮಾತನಾಡುವ ಸಹೋದ್ಯೋಗಿಗೆ ಅರ್ಜಿಯ ಭಾಷೆಯಲ್ಲಿ ಬರೆದರೆ ಅವರು ಇನ್ನಷ್ಟು ದೂರ ಸರಿಯುತ್ತಾರೆ. ಏನಾಯಿತು ಇವರಿಗೆ, ಇಷ್ಟು ಬಿಗಿಯಾಗಿ ಬರೆದಿದ್ದಾರಲ್ಲ ಎಂದು ಅವರಿಗೆ ಅನಿಸಬಹುದು.

ಎದುರಾಎದುರು ಮಾತನಾಡುವಾಗ ಇದೇ ನಿರಾಕರಣೆ ಯಾಕೆ ಕಹಿಯಾಗುವುದಿಲ್ಲ ಎಂಬುದನ್ನು ಸ್ವಲ್ಪ ಗಮನಿಸಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಹಾರ್ವೆ ಸ್ಯಾಕ್ಸ್ ಮತ್ತು ಅವರ ಜೊತೆಗಾರರು 1960ರ ದಶಕದಿಂದ ಜನರ ನಿಜವಾದ ಫೋನ್ ಮಾತುಕತೆಗಳ ಧ್ವನಿಮುದ್ರಣಗಳನ್ನು ಸಾಲುಸಾಲಾಗಿ ಪರಿಶೀಲಿಸಿದರು. ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ಕೆಲಸಕ್ಕೆ ಬರುತ್ತದೆ. ಕರೆದಾಗ ಒಪ್ಪಿಗೆ ತಟ್ಟನೆ, ಚಿಕ್ಕದಾಗಿ ಬರುತ್ತದೆ. ನಿರಾಕರಣೆ ಹಾಗೆ ಬರುವುದಿಲ್ಲ. ಮೊದಲು ಒಂದು ಚಿಕ್ಕ ಮೌನ, ಆಮೇಲೆ ಒಂದು ಎಳೆತ, ಕರೆದದ್ದಕ್ಕೆ ಒಂದು ಮೆಚ್ಚುಗೆ, ನಂತರ ಕಾರಣ. ಎಷ್ಟೋ ಸಲ ‘ಇಲ್ಲ’ ಎಂಬ ಮಾತೇ ಹೊರಬರುವುದಿಲ್ಲ, ಅಷ್ಟರಲ್ಲಿ ಕರೆದವರೇ “ಹಾಗಾದರೆ ಬೇರೆ ದಿನ ಇಟ್ಟುಕೊಳ್ಳೋಣ” ಎಂದುಬಿಡುತ್ತಾರೆ. ಅವರು ಕೇಳಿದ್ದು ಇಂಗ್ಲಿಷ್ ಮಾತುಕತೆಗಳನ್ನು. ಆದರೆ ಧಾರವಾಡದ ಯಾವ ಕಚೇರಿಯಲ್ಲಿ ನಿಂತು ಕೇಳಿದರೂ ಇದೇ ಕ್ರಮ ಕಿವಿಗೆ ಬೀಳುತ್ತದೆ. “ಮಂಗಳವಾರನಾ ಸರ್… ಅಂದು ಸ್ವಲ್ಪ…” ಎಂದು ಎಳೆದ ಕೂಡಲೇ ಎದುರಿನವರಿಗೆ ಅರ್ಥವಾಗಿರುತ್ತದೆ.

ಚಾಟ್‌ನಲ್ಲಿ ಇದೆಲ್ಲ ಬಿದ್ದುಹೋಗುತ್ತದೆ. ಮೌನ ಕಾಣುವುದಿಲ್ಲ, ಎಳೆತ ಕೇಳುವುದಿಲ್ಲ. ‘ಹೌದು’ ಎಷ್ಟು ಬೇಗ, ಎಷ್ಟು ಚಿಕ್ಕದಾಗಿ ಬರುತ್ತದೋ ‘ಇಲ್ಲ’ ಕೂಡ ಅಷ್ಟೇ ಬೇಗ, ಅಷ್ಟೇ ಚಿಕ್ಕದಾಗಿ ಬಂದು ಬೀಳುತ್ತದೆ. ಹಾಗೆಂದು ತಡ ಮಾಡಿ ಉತ್ತರಿಸಿದರೆ ಆ ತಡವನ್ನು ಯಾರೂ ಸಂಕೋಚ ಎಂದು ಓದುವುದಿಲ್ಲ, ಅಲಕ್ಷ್ಯ ಎಂದು ಓದುತ್ತಾರೆ. ಆದ್ದರಿಂದ ಬರಹದಲ್ಲಿ ಬೇಗ ಉತ್ತರಿಸಲೇಬೇಕು. ಸ್ವರ ಮಾಡುತ್ತಿದ್ದ ಕೆಲಸವನ್ನು ವಾಕ್ಯಗಳ ಕ್ರಮದಿಂದ ಮಾಡಿಸಬೇಕು.

ಆ ಕ್ರಮ ಹೇಗಿರುತ್ತದೆ ನೋಡೋಣ. ಉತ್ಪಾದನಾ ಅಧಿಕಾರಿ ಹೊಲದಿಂದ ಹೊರಬಂದು, ಎರಡು ನಿಮಿಷ ತೆಗೆದುಕೊಂಡು ಹೀಗೆ ಬರೆದರು ಎಂದುಕೊಳ್ಳಿ:

“ನಮಸ್ಕಾರ ಸರ್. ಲೇಬಲ್ ಸಭೆಯಲ್ಲಿ ನಾನು ಇರಬೇಕು, ಲಾಟ್ ಸಂಖ್ಯೆಗಳ ಪಟ್ಟಿ ನನ್ನ ಬಳಿಯೇ ಇದೆ. ಆದರೆ ಮಂಗಳವಾರ 11ಕ್ಕೆ ಬರಲು ಆಗುತ್ತಿಲ್ಲ. ಹತ್ತಿಯ ಕ್ರಾಸಿಂಗ್ ನಡೆದಿದೆ, ಬೆಳಿಗ್ಗೆ ಹೊಲ ಬಿಡುವಂತಿಲ್ಲ. ಅಂದೇ ಅಥವಾ ಬುಧವಾರ ಮಧ್ಯಾಹ್ನ 12.30ರಿಂದ 1.30ರ ನಡುವೆ ಫೋನಿನಲ್ಲಿ ಸೇರಿಕೊಳ್ಳುತ್ತೇನೆ. ಸಮಯ ಬದಲಿಸುವುದು ಕಷ್ಟವಾದರೆ ನೀವು ಸಭೆ ನಡೆಸಿ. ಪಟ್ಟಿಯನ್ನು ಸೋಮವಾರ ಸಂಜೆಯೊಳಗೆ ನಿಮಗೆ ಕಳುಹಿಸಿರುತ್ತೇನೆ.”

ಇಲ್ಲಿ ಕ್ಷಮೆ ಇಲ್ಲ, ಧನ್ಯವಾದ ಇಲ್ಲ, ‘ದಯವಿಟ್ಟು’ ಕೂಡ ಇಲ್ಲ. ಆದರೂ ಇದನ್ನು ಓದಿದ ಯಾರಿಗೂ ಅಸಡ್ಡೆ ಅನಿಸಲಾರದು. ಮೊದಲ ವಾಕ್ಯ ಸಭೆಯ ವಿಷಯಕ್ಕೆ ಒಪ್ಪಿಗೆ ಕೊಟ್ಟಿದೆ. ‘ಆಗುವುದಿಲ್ಲ’ ಎಂಬುದು ಆಮೇಲೆ ಬಂದಿದೆ, ಅದೂ ಒಂದು ಗಂಟೆಗೆ ಅಂಟಿಕೊಂಡಿದೆ, ವಿಷಯಕ್ಕೆ ತಾಗಿಲ್ಲ. ಚುಟುಕು ಉತ್ತರದಲ್ಲಿ ಈ ಎರಡು ಕಲಸಿಹೋಗಿರುತ್ತವೆ. ವೇಳೆಗೆ ಹೇಳಿದ ‘ಇಲ್ಲ’ವನ್ನು ಓದುವವರು ವಿಷಯಕ್ಕೆ ಹೇಳಿದ ‘ಇಲ್ಲ’ ಎಂದುಕೊಳ್ಳುತ್ತಾರೆ, ಕೆಲವೊಮ್ಮೆ ತನಗೇ ಹೇಳಿದ ‘ಇಲ್ಲ’ ಎಂದೂ. ಈ ಮೂರನ್ನು ಬಿಡಿಸಿ ಇಡುವುದೇ ತಿದ್ದುವವರ ಮುಖ್ಯ ಕೆಲಸ.

ಕ್ರಿಯಾಪದವನ್ನೂ ಗಮನಿಸಿ. ‘ಬರುವುದಿಲ್ಲ’ ಎಂದರೆ ನನ್ನ ತೀರ್ಮಾನ. ‘ಬರಲು ಆಗುತ್ತಿಲ್ಲ’ ಎಂದರೆ ಈ ಸಲದ ಅಡಚಣೆ. ಅವಸರದಲ್ಲಿ ಮೊದಲನೆಯದು ಬರೆದುಹೋಗುತ್ತದೆ.

ಕಾರಣದ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಜನ ಇಲ್ಲಿ ಎರಡೂ ಕಡೆ ಜಾರುತ್ತಾರೆ. ಕೆಲವರು ‘ಬ್ಯುಸಿ ಇದ್ದೇನೆ’ ಎಂದು ಬರೆದು ಬಿಡುತ್ತಾರೆ. ಕರೆದವರೂ ಬಿಡುವಿಲ್ಲದವರೇ, ಹಾಗಾಗಿ ಆ ಮಾತಿನಿಂದ ತಿಳಿಯುವುದು ಒಂದೇ: ನಿಮ್ಮ ಸಭೆಗಿಂತ ನನ್ನ ಕೆಲಸ ದೊಡ್ಡದು. ಕೆಲಸದ ಹೆಸರನ್ನೇ ಹೇಳಿದಾಗ ಈ ಹೋಲಿಕೆ ಹುಟ್ಟುವುದಿಲ್ಲ. ಕ್ರಾಸಿಂಗ್ ಎಂದ ಕೂಡಲೇ ಬೀಜದ ಕಂಪನಿಯವರಿಗೆ ಅದು ಸರಿಸಲಾಗದ ಕೆಲಸ ಎಂದು ಗೊತ್ತಾಗುತ್ತದೆ. ಹೂವು ಸಭೆಗಾಗಿ ಕಾಯುವುದಿಲ್ಲ. ಇನ್ನು ಕೆಲವರು ಕಾರಣವನ್ನು ಉದ್ದಕ್ಕೆ ಎಳೆಯುತ್ತಾರೆ. ಕೂಲಿಯವರು ಇಬ್ಬರು ಕಡಿಮೆಯಾಗಿದ್ದಾರೆ, ಮೇಲ್ವಿಚಾರಕನ ಮನೆಯಲ್ಲಿ ಸೀಮಂತ, ನಿನ್ನೆ ಮಳೆ ಬಂದು ದಾರಿ ಕೆಟ್ಟಿದೆ. ಒಂದೊಂದೂ ನಿಜವಿರಬಹುದು. ಆದರೆ ಮೂರು ಕಾರಣ ಕೊಟ್ಟರೆ ಒಂದನ್ನೂ ನಂಬದ ಹಾಗಾಗುತ್ತದೆ. ಮೇಲಾಗಿ ಓದಿದವರು ಪ್ರತಿಯೊಂದಕ್ಕೂ ಪರಿಹಾರ ಸೂಚಿಸಲು ಶುರು ಮಾಡುತ್ತಾರೆ: “ಕೂಲಿಯವರನ್ನು ನಾವು ಕಳುಹಿಸುತ್ತೇವೆ, ನೀವು ಬನ್ನಿ.” ಒಂದೇ ಕಾರಣ, ಸರಿಸಲಾಗದ್ದು, ಕೆಲಸದ ಹೆಸರಿನಲ್ಲಿ. ಕಾರಣ ಮನೆಯದಾದರೆ, ಆಸ್ಪತ್ರೆಯದಾದರೆ, ‘ಮನೆಯ ಕೆಲಸವೊಂದಿದೆ, ಅಂದು ಊರಲ್ಲಿ ಇರುವುದಿಲ್ಲ’ ಎಂದರೆ ಸಾಕು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಗುಂಪಿನಲ್ಲಿ ಯಾರಿಗೂ ಇಲ್ಲ.

ಬದಲಿ ಸಮಯಕ್ಕೆ ಬರೋಣ. ‘ನಿಮಗೆ ಯಾವಾಗ ಅನುಕೂಲವೋ ಆಗ’ ಎನ್ನುವುದು ಉದಾರವಾಗಿ ಕೇಳಿಸುತ್ತದೆ. ನಿಜದಲ್ಲಿ ಅದು ಮತ್ತೆ ಹುಡುಕುವ ಕೆಲಸವನ್ನು ಕರೆದವರಿಗೇ ಒಪ್ಪಿಸುತ್ತದೆ. ಅವರು ಗುರುವಾರ ಬೆಳಿಗ್ಗೆ 10 ಎನ್ನುತ್ತಾರೆ, ನೀವು ಮತ್ತೆ ಆಗುವುದಿಲ್ಲ ಎನ್ನಬೇಕಾಗುತ್ತದೆ, ಎರಡನೆಯ ನಿರಾಕರಣೆ ಮೊದಲಿನದಕ್ಕಿಂತ ಭಾರ. ಎರಡು ವೇಳೆಗಳನ್ನು ದಿನ, ಗಂಟೆ ಸಮೇತ ಕೊಟ್ಟರೆ ಅವರು ಒಂದು ಪದದಲ್ಲಿ ಉತ್ತರಿಸಬಹುದು. ಐದಾರು ವೇಳೆ ಕೊಡಬೇಡಿ. ಆರು ಜನರ ಕ್ಯಾಲೆಂಡರ್‌ಗೆ ಅಷ್ಟನ್ನೂ ಹೋಲಿಸಿ ನೋಡುವುದು ಹಿಂಸೆ, ಅವರು ಉತ್ತರಿಸುವವರೆಗೆ ನೀವೂ ಅಷ್ಟು ಹೊತ್ತನ್ನು ಖಾಲಿ ಇಟ್ಟುಕೊಳ್ಳಬೇಕಾಗುತ್ತದೆ. ನಮ್ಮ ಅಧಿಕಾರಿ ಇನ್ನೂ ಒಂದು ಜಾಣತನ ಮಾಡಬಹುದಿತ್ತು. ಕ್ರಾಸಿಂಗ್ ಒಂದು ದಿನದ್ದಲ್ಲ, ವಾರಗಟ್ಟಲೆ ನಡೆಯುತ್ತದೆ. ಆ ಅವಧಿಯಲ್ಲಿ ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ, ನಡುಮಧ್ಯಾಹ್ನ ಮಾತ್ರ ಬಿಡುವು. “ಕ್ರಾಸಿಂಗ್ ಮುಗಿಯುವವರೆಗೆ ನನಗೆ ನಿತ್ಯ 12.30ರಿಂದ 1.30 ಅನುಕೂಲ” ಎಂಬ ಒಂದು ಸಾಲು ಸೇರಿಸಿದ್ದರೆ ಮುಂದಿನ ಸಭೆಗಳಿಗೂ ಸೇರಿ ನಿರಾಕರಿಸುವ ಪ್ರಸಂಗವೇ ತಪ್ಪುತ್ತಿತ್ತು. ಅಡಚಣೆ ಪದೇಪದೇ ಬರುವಂಥದ್ದಾದರೆ ಅದರ ನಿಯಮವನ್ನು ತಿಳಿಸಿಬಿಡಿ.

ಕೊನೆಯ ವಾಕ್ಯವನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ‘ಸಮಯ ಬದಲಿಸುವುದು ಕಷ್ಟವಾದರೆ ನೀವು ನಡೆಸಿ.’ ಆರು ಜನರಲ್ಲಿ ಒಬ್ಬರಿಗಾಗಿ ಐವರು ಸರಿಯಬೇಕೇ ಎಂಬ ಪ್ರಶ್ನೆಯನ್ನು ಕರೆದವರು ಬಾಯಿಬಿಟ್ಟು ಕೇಳಲಾರರು. ಅದನ್ನು ನಾವೇ ತೆರೆದು ಕೊಡಬೇಕು. ಬರಿಗೈಯಲ್ಲಿ ಅಲ್ಲ, ನಮ್ಮಿಂದ ಬೇಕಾದ ಪಟ್ಟಿಯನ್ನು ಸಭೆಗೆ ಮೊದಲೇ ತಲುಪಿಸುವ ಮಾತಿನ ಜೊತೆ. ಮಾತು ಕೊಟ್ಟ ಮೇಲೆ ಸೋಮವಾರ ಸಂಜೆ ಪಟ್ಟಿ ಹೋಗಲೇಬೇಕು. ಹೋಗದಿದ್ದರೆ ಮೇಲಿನ ನಾಲ್ಕು ವಾಕ್ಯಗಳ ಸೌಜನ್ಯಕ್ಕೆ ಬೆಲೆಯಿಲ್ಲ.

ಕಾರಣ, ಬದಲಿ ವೇಳೆ ಇವನ್ನೆಲ್ಲ ಕರೆದವರಿಗೆ ನೇರವಾಗಿ ಬರೆಯುವುದು ಒಳ್ಳೆಯದು. ಗುಂಪಿನಲ್ಲಿ ಒಬ್ಬರು ‘ಆಗುವುದಿಲ್ಲ’ ಎಂದ ಕೂಡಲೇ ‘ನನಗೂ ಕಷ್ಟ’ ಎಂಬ ಸಾಲು ಹಿಂದೆಯೇ ಬರುತ್ತದೆ, ಸಭೆ ಕರೆದವರ ಕಣ್ಣೆದುರೇ ಕುಸಿಯುತ್ತದೆ. ಕರೆದವರಿಗೂ ನಿಮಗೂ ಹೊಂದಿಕೆಯಾದ ಮೇಲೆ ಗುಂಪಿಗೆ ಒಂದು ಸಾಲು ಸಾಕು.

ಈಗ ಕ್ಯಾಲೆಂಡರ್‌ನ ಗುಂಡಿಗಳ ಬಗ್ಗೆ ಸ್ವಲ್ಪ. ಆಹ್ವಾನ ವಾಟ್ಸ್‌ಆ್ಯಪ್ ಬದಲು ಔಟ್‌ಲುಕ್‌ನಿಂದಲೋ ಗೂಗಲ್ ಕ್ಯಾಲೆಂಡರ್‌ನಿಂದಲೋ ಬಂದಿದ್ದರೆ ಚುಟುಕು ಉತ್ತರ ಒಂದು ಪದಕ್ಕೆ ಇಳಿಯುತ್ತದೆ: No ಅಥವಾ Decline. ಒತ್ತಿದರೆ ಮುಗಿಯಿತು, ಕಾರಣ ಕೇಳುವವರಿಲ್ಲ. ಔಟ್‌ಲುಕ್‌ನಲ್ಲಿ ಉತ್ತರ ಕಳುಹಿಸದೆಯೇ ನಿರಾಕರಿಸುವ ಆಯ್ಕೆಯೂ ಇದೆ. ಅದನ್ನು ಆರಿಸಿದರೆ ಕರೆದವರಿಗೆ ಸಂದೇಶವೇ ಹೋಗುವುದಿಲ್ಲ, ಅವರು ನಿಮ್ಮ ದಾರಿ ಕಾಯುತ್ತಿರುತ್ತಾರೆ. ಎರಡರಲ್ಲೂ Propose new time ಎಂಬ ಸೌಲಭ್ಯವಿದೆ. ಅದನ್ನು ಬಳಸಿ, ಆದರೆ ಎರಡು ಸಂಗತಿ ತಿಳಿದು ಬಳಸಿ. ಒಂದು, ನೀವು ಹೊಸ ವೇಳೆ ಸೂಚಿಸಿದ ಮಾತ್ರಕ್ಕೆ ಸಭೆ ಸರಿಯುವುದಿಲ್ಲ. ಸೂಚನೆ ಕರೆದವರಿಗೆ ಹೋಗುತ್ತದೆ, ಅವರು ಒಪ್ಪಿ ಬದಲಿಸಿದ ಮೇಲೆಯೇ ಉಳಿದವರ ಕ್ಯಾಲೆಂಡರ್ ಬದಲಾಗುತ್ತದೆ. ಸೂಚಿಸಿದ್ದೇನೆ, ಆಗಿಬಿಟ್ಟಿದೆ ಎಂದುಕೊಂಡು ಕುಳಿತವರು ಮಂಗಳವಾರ 11ಕ್ಕೆ ಗೈರುಹಾಜರಾಗುತ್ತಾರೆ. ಎರಡು, ಔಟ್‌ಲುಕ್‌ನಲ್ಲಿ ಹೊಸ ವೇಳೆ ಸೂಚಿಸಲು ಎರಡು ಬಗೆ ಇವೆ: Tentative and Propose New Time, ಹಾಗೂ Decline and Propose New Time. ಮೊದಲನೆಯದರಲ್ಲಿ ಹಳೆಯ ವೇಳೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಉಳಿದಿರುತ್ತದೆ, ಸಭೆ ಸರಿಯದಿದ್ದರೂ ಬರಬಹುದೇನೋ ಎಂಬ ಅರ್ಥ ಹೋಗುತ್ತದೆ. ಎರಡನೆಯದು ಖಚಿತ ನಿರಾಕರಣೆ. ನಮ್ಮ ಅಧಿಕಾರಿ ಆರಿಸಬೇಕಾದದ್ದು ಎರಡನೆಯದನ್ನು, ಏಕೆಂದರೆ 11ಕ್ಕೆ ಅವರು ಬರುವ ಸಾಧ್ಯತೆಯೇ ಇಲ್ಲ. ಗುಂಡಿ ಕಟುವಾಗಿ ಕಂಡರೂ ಸಂದೇಶದ ಜಾಗದಲ್ಲಿ ಮೇಲಿನ ವಾಕ್ಯಗಳನ್ನು ಬರೆದರೆ ಕಟುತ್ವ ಉಳಿಯುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಅಭ್ಯಾಸ ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಇಲ್ಲ ಎನ್ನಲು ಸಂಕೋಚಪಟ್ಟು ‘ನೋಡೋಣ ಸರ್’, ‘ಪ್ರಯತ್ನಿಸುತ್ತೇನೆ’ ಎಂದು ಬರೆಯುವುದು. ಎದುರಿಗಿದ್ದಾಗ ಮುಖ ನೋಡಿ ಇದು ಇಲ್ಲವೆಂದೇ ಅರ್ಥ ಎಂದು ತಿಳಿಯಬಹುದು. ಬರಹದಲ್ಲಿ ತಿಳಿಯುವುದಿಲ್ಲ. ಹುಬ್ಬಳ್ಳಿಯವರು ಕುರ್ಚಿ ಹಾಕಿ ಕಾಯುತ್ತಾರೆ, 11 ದಾಟುತ್ತದೆ, ಗದಗಿನವರು ಗಡಿಯಾರ ನೋಡುತ್ತಾರೆ. ಮೃದುವಾದ ಅಸ್ಪಷ್ಟತೆಗಿಂತ ಹಿಂದಿನ ದಿನವೇ ಬಂದ ಒರಟು ‘ಆಗುವುದಿಲ್ಲ’ ಮೇಲು ಎಂದು ನಾನು ಹೇಳುತ್ತೇನೆ.

ಒಂದು ಸಣ್ಣ ಎಚ್ಚರಿಕೆ. ಸಭೆಗೆ ನೀವು ಬೇಕಾಗಿಯೇ ಇಲ್ಲ, ಬರುವ ಮನಸ್ಸೂ ಇಲ್ಲ ಎಂದಾದರೆ ಬದಲಿ ವೇಳೆ ಸೂಚಿಸಬೇಡಿ. ಅದು ನಿರಾಕರಣೆಯನ್ನು ಮುಂದಿನ ವಾರಕ್ಕೆ ದೂಡುತ್ತದೆ ಅಷ್ಟೇ. ‘ಇದು ನನಗೆ ಸಂಬಂಧಿಸಿದ್ದಲ್ಲ’ ಎಂಬ ಚುಟುಕು ಉತ್ತರವನ್ನು ಹೀಗೆ ಬರೆಯಬಹುದು: “ಸರ್, ಸಾಗಣೆ ದರದ ತೀರ್ಮಾನ ಲೆಕ್ಕಪತ್ರ ವಿಭಾಗದ್ದು, ಅಲ್ಲಿಯವರಿಗೆ ತಿಳಿಸಿದ್ದೇನೆ, ಅವರು ಬರಲು ಒಪ್ಪಿದ್ದಾರೆ. ದರ ನಿಗದಿಯಾದ ಮೇಲೆ ತಿಳಿಸಿ, ಎರಡು ದಿನದಲ್ಲಿ ಗಾಡಿ ಹೊಂದಿಸುತ್ತೇನೆ.” ಇನ್ನೊಬ್ಬರ ಹೆಸರು ಹೇಳುವ ಮೊದಲು ಅವರನ್ನು ಕೇಳಿರಬೇಕು ಎಂಬುದನ್ನು ಮರೆಯಬಾರದು.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಯುವಕರೊಬ್ಬರು ಕೇಳಿದರು: “ಮೇಡಂ, ಇದೆಲ್ಲ ಸಮಾನರ ನಡುವೆ ಸರಿ. ಮೇಲಧಿಕಾರಿಗೆ ನಾನು ಬೇರೆ ಸಮಯ ಸೂಚಿಸಿದರೆ ಉದ್ಧಟತನ ಆಗುವುದಿಲ್ಲವೇ?”

ಹಲವು ಕಚೇರಿಗಳಲ್ಲಿ ಆಗುತ್ತದೆ, ಅದನ್ನು ಒಪ್ಪಬೇಕು. ಅದಕ್ಕಾಗಿಯೇ ಎಷ್ಟೋ ಜನ ‘ಓಕೆ ಸರ್’ ಎಂದು ಬರೆದು ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿ ಇಲ್ಲವೆನ್ನುವ ಬದಲು ಎರಡು ಕೆಲಸಗಳ ತಿಕ್ಕಾಟವನ್ನು ಅವರ ಮುಂದೆ ಇಟ್ಟು ಆಯ್ಕೆಯನ್ನು ಅವರಿಗೇ ಬಿಡಿ. “ಸರ್, ಮಂಗಳವಾರ 11ಕ್ಕೆ ತಾವು ಕರೆದ ಸಭೆ ಇದೆ. ಅದೇ ಹೊತ್ತಿಗೆ ಬೀಜ ಪ್ರಮಾಣನದ ಅಧಿಕಾರಿಗಳು ಹೊಲ ತಪಾಸಣೆಗೆ ಬರುತ್ತಾರೆ. ತಪಾಸಣೆಗೆ ನಾನು ನಿಲ್ಲಬೇಕೋ, ಮೇಲ್ವಿಚಾರಕರನ್ನು ನಿಲ್ಲಿಸಿ ಸಭೆಗೆ ಬರಬೇಕೋ ತಿಳಿಸಿ. ಸಭೆ ಮಧ್ಯಾಹ್ನಕ್ಕೆ ಹೋದರೆ ಎರಡೂ ಆಗುತ್ತವೆ.” ಕೊನೆಯ ವಾಕ್ಯದಲ್ಲಿ ಬದಲಿ ವೇಳೆ ಇದೆ, ಆದರೆ ಅದನ್ನು ಕೇಳಿದ್ದಲ್ಲ, ಕಾಣಿಸಿದ್ದು. ಅವರು ಸಭೆಗೇ ಬಾ ಎಂದರೆ ಹೋಗಬೇಕು. ಆಯ್ಕೆ ಕೊಟ್ಟ ಮೇಲೆ ಅದನ್ನು ಪಾಲಿಸಬೇಕು.

ಹಿಂದಿನಿಂದ ಹಿರಿಯರೊಬ್ಬರು ಕೇಳಿದರು: “ನಾವು ಮೇಲಿನವರು ದಿನಕ್ಕೆ ಇಂಥ ಎಷ್ಟೋ ಉತ್ತರ ಕೊಡಬೇಕು. ‘ಬೇಡ, ಮುಂದಿನ ವಾರ’ ಎಂದರೆ ಸಾಲದೇ?”

ಸಾಲದು ಸರ್. ನಿಮ್ಮ ಚುಟುಕು ಉತ್ತರ ಕೆಳಗಿನವರದಕ್ಕಿಂತ ಹೆಚ್ಚು ಭಾರವಾಗಿ ಬೀಳುತ್ತದೆ. ಹೊಸದಾಗಿ ಸೇರಿದ ಹುಡುಗಿ ಧೈರ್ಯ ಮಾಡಿ ಹತ್ತು ನಿಮಿಷ ಕೇಳಿದ್ದಾಳೆ, ನೀವು ‘ಬೇಡ’ ಎಂದಿರಿ. ಅವಳು ಮುಂದಿನ ವಾರ ಕೇಳುವುದಿಲ್ಲ, ಆ ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ನೀವು ಬದಲಿ ವೇಳೆಗಳ ಪಟ್ಟಿ ಕೊಡಬೇಕಿಲ್ಲ. ಇಷ್ಟು ಬರೆಯಿರಿ: “ಮೊಳಕೆ ಪರೀಕ್ಷೆಯ ವಿಷಯ ನಾವು ಮಾತನಾಡಬೇಕಾದದ್ದೇ. ಈ ವಾರ ಆಗುತ್ತಿಲ್ಲ. ಸೋಮವಾರ 4ಕ್ಕೆ ನನ್ನ ಕೋಣೆಗೆ ಬಾ, ಪರೀಕ್ಷೆಯ ವರದಿ ಜೊತೆಗಿರಲಿ.”